INFJ ಎರಡೇ ತಿಂಗಳಲ್ಲಿ INFP ಆಗಿದ್ದು ಹೇಗೆ?

ಪ್ರಶ್ನೆ: ಆಫೀಸಿನ ಟ್ರೇನಿಂಗ್‌ನಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿದ್ರು, INFJ ಅಂತ ಬಂತು. ಎರಡು ತಿಂಗಳಾದ್ಮೇಲೆ ಒಂದು ಫ್ರೀ ಸೈಟ್‌ನಲ್ಲಿ ಮಾಡಿದೆ, INFP ಅಂತು. ಬಿಗ್ ಫೈವ್ ಮಾತ್ರ ಸೈಂಟಿಫಿಕ್, ಇದೆಲ್ಲ ಜಾತಕ ಅಂತಾನೆ ನನ್ನ ಫ್ರೆಂಡ್. ಯಾವುದನ್ನ ನಂಬೋದು? ನಮ್ಮ ಮ್ಯಾನೇಜರ್ ಬೇರೆ, P ಬಂದವರು ಟೀಮ್ ಲೀಡ್ ಆಗೋಕೆ ಸರಿಹೋಗಲ್ಲ ಅಂತಿದ್ದಾರೆ.

ಉತ್ತರ:

ನಿಮ್ಮ ಸ್ವಭಾವವೇನೂ ಬದಲಾಗಿರಲಿಕ್ಕಿಲ್ಲ. ಎಲ್ಲವನ್ನೂ ಮೊದಲೇ ಯೋಜಿಸಿಡುವ J ಮತ್ತು ಬಂದ ಹಾಗೆ ನೋಡಿಕೊಳ್ಳುವ P ಮಧ್ಯೆ ಟೆಸ್ಟ್ ತಯಾರಿಸಿದವರು ಒಂದು ಗೆರೆ ಎಳೆದಿದ್ದಾರೆ, ನೀವು ಆ ಗೆರೆಯ ಪಕ್ಕದಲ್ಲೇ ಇದ್ದೀರಿ, ಬಹುಶಃ ಅಷ್ಟೇ. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಇನ್ನೊಂದು ವಿಷಯವೂ ಇದೆ. ನಾಲ್ಕಕ್ಷರ ಕೊಡುವ ಫ್ರೀ ಸೈಟ್‌ಗಳಲ್ಲಿ ಹೆಚ್ಚಿನವು ಈ ನಾಲ್ಕಕ್ಷರದ ಅಸಲಿ ಟೆಸ್ಟಾದ ಎಂಬಿಟಿಐ ಅಲ್ಲ, ಅದರ ಅಕ್ಷರಗಳನ್ನು ತೆಗೆದುಕೊಂಡು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತವೆ. ಆದರೆ ನೀವು ಎರಡು ಸಲವೂ ಒಂದೇ ಟೆಸ್ಟ್ ತೆಗೆದುಕೊಂಡಿದ್ದರೂ ಇದೇ ಆಗುವ ಸಾಧ್ಯತೆ ಸಾಕಷ್ಟಿತ್ತು. ಅದು ಹೇಗೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಇಂಥ ಪ್ರಶ್ನಾವಳಿಗಳ ಅಂಕ ತೂಗಿ ನೋಡುವುದೇ ನನ್ನ ಕೆಲಸ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಬಿಗ್ ಫೈವ್ ಹೇಗೆ ಅಳೆಯುತ್ತದೆ ನೋಡಿ. ಅದರಲ್ಲಿ ಐದು ಗುಣಗಳಿವೆ: ಜನರೊಂದಿಗೆ ಬೆರೆಯುವುದು, ಅಚ್ಚುಕಟ್ಟುತನ, ಇತರರ ಜೊತೆ ಹೊಂದಿಕೊಂಡು ಹೋಗುವುದು, ಹೊಸದರ ಬಗ್ಗೆ ಆಸಕ್ತಿ, ಮತ್ತೆ ಚಿಂತೆ-ಆತಂಕಕ್ಕೆ ಬೇಗ ಒಳಗಾಗುವುದು. ನಿಮ್ಮ ತಕರಾರು ಇರುವುದು J-P ಬಗ್ಗೆ, ಹಾಗಾಗಿ ಅದಕ್ಕೆ ಹತ್ತಿರವಾದ ಅಚ್ಚುಕಟ್ಟುತನವನ್ನೇ ತೆಗೆದುಕೊಳ್ಳೋಣ. ಲೂಯಿಸ್ ಗೋಲ್ಡ್‌ಬರ್ಗ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿರುವ ಐಪಿಐಪಿ ಪ್ರಶ್ನೆಗಳಲ್ಲಿ 50 ಹೇಳಿಕೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಒಂದೊಂದು ಗುಣಕ್ಕೆ 10 ಹೇಳಿಕೆ. ‘ನಾನು ಯಾವಾಗಲೂ ತಯಾರಾಗಿರುತ್ತೇನೆ’ ಅನ್ನುವುದು ಒಂದು. ‘ನನ್ನ ವಸ್ತುಗಳನ್ನು ಎಲ್ಲೆಂದರಲ್ಲಿ ಬಿಟ್ಟಿರುತ್ತೇನೆ’ ಅನ್ನುವುದು ಇನ್ನೊಂದು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಎರಡನೆಯದು ಉಲ್ಟಾ ಹೇಳಿಕೆ, ಆದ್ದರಿಂದ ನೀವು 4 ಕೊಟ್ಟರೆ ಅದನ್ನು 6ರಲ್ಲಿ ಕಳೆದು 2 ಅಂತ ಹಿಡಿಯುತ್ತಾರೆ. ಎಲ್ಲದಕ್ಕೂ ಸುಮ್ನೆ ‘ಹೌದು, ಹೌದು’ ಅಂತ ಹೋಗುವವರ ಅಂಕ ಏರದಿರಲಿ ಅಂತ ಈ ಉಲ್ಟಾ ಹೇಳಿಕೆಗಳನ್ನು ಬೇಕಂತಲೇ ಸೇರಿಸಿರುತ್ತಾರೆ. ಹತ್ತನ್ನೂ ಕೂಡಿಸಿದರೆ 10ರಿಂದ 50ರೊಳಗೆ ಒಂದು ಅಂಕ ಬರುತ್ತದೆ.

ನಿಮಗೆ 34 ಬಂತು ಅಂದುಕೊಳ್ಳಿ. ಹೋಲಿಸುವ ಗುಂಪಿನ ಸರಾಸರಿ 33, ಹೆಚ್ಚಿನವರ ಅಂಕ ಅದರಿಂದ 7ರಷ್ಟು ಆಚೀಚೆ, ಟೆಸ್ಟಿನ ನಂಬಿಕಸ್ತಿಕೆ, ಅಂದರೆ ಮತ್ತೆ ಅಳೆದರೂ ಅಂಕ ಎಷ್ಟರ ಮಟ್ಟಿಗೆ ಹಾಗೇ ಉಳಿಯುತ್ತದೆ ಅನ್ನುವುದು, 1ಕ್ಕೆ 0.85 ಅಂತಲೂ ಇಟ್ಟುಕೊಳ್ಳಿ. ಈ 0.85 ಅಂದರೆ ಇಂಥ ಟೆಸ್ಟುಗಳ ಮಟ್ಟಿಗೆ ಒಳ್ಳೆಯ ಸಂಖ್ಯೆಯೇ. ಆದರೂ ಅಳತೆಯ ತಪ್ಪಿನ ಲೆಕ್ಕ ಹಾಕಿದರೆ ನಿಮ್ಮ ನಿಜವಾದ ಅಂಕ ಸುಮಾರು 29ರಿಂದ 39ರೊಳಗೆ ಎಲ್ಲಾದರೂ ಇರಬಹುದು. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನೀವು ಕೆಳಗಿನಿಂದ 28ನೆಯವರೂ ಆಗಿರಬಹುದು, 80ನೆಯವರೂ ಆಗಿರಬಹುದು! ಬಿಗ್ ಫೈವ್ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ನೀವು ಮಧ್ಯದ ಆಸುಪಾಸಿನಲ್ಲಿದ್ದೀರಿ. 45 ಬಂದವರಿಗೆ ‘ನೀವು ಸಾಮಾನ್ಯರಿಗಿಂತ ಜಾಸ್ತಿ ಅಚ್ಚುಕಟ್ಟು’ ಅಂತ ಧೈರ್ಯವಾಗಿ ಹೇಳಬಹುದು. 34 ಬಂದವರಿಗೆ ಅಷ್ಟು ಹೇಳೋಕಾಗಲ್ಲ.

ನಾಲ್ಕಕ್ಷರ ಕೊಡುವ ಟೈಪ್ ಟೆಸ್ಟ್ ಇಂಥದ್ದೇ ಅಂಕವನ್ನು ತೆಗೆದುಕೊಂಡು ಮಧ್ಯಕ್ಕೆ ಕತ್ತರಿಸುತ್ತದೆ. ಗೆರೆಗಿಂತ ಮೇಲೆ ಬಂದರೆ J, ಕೆಳಗೆ ಬಂದರೆ P. ಐದೂವರೆ ಅಡಿಗಿಂತ ಒಂದು ಕೂದಲೆಳೆ ಹೆಚ್ಚಿದ್ದವರೆಲ್ಲ ಉದ್ದ, ಒಂದು ಕೂದಲೆಳೆ ಕಮ್ಮಿ ಇದ್ದವರೆಲ್ಲ ಕುಳ್ಳ ಅಂತ ಬರೆದುಕೊಂಡ ಹಾಗೆ. ಜನ ನಿಜವಾಗಿಯೂ ಎರಡು ಗುಂಪಾಗಿದ್ದರೆ ಇದು ತಪ್ಪಲ್ಲ. ಹಾಗಿದ್ದರೆ ಅಂಕಗಳ ಚಿತ್ರ ಬಿಡಿಸಿದಾಗ ಎರಡು ದಿಬ್ಬ ಕಾಣಬೇಕಿತ್ತು, ನಡುವೆ ತಗ್ಗು. ಕಾಣುವುದು ಒಂದೇ ದಿಬ್ಬ. ಅದರಲ್ಲೂ ಜನ ಜಾಸ್ತಿ ಇರುವುದು ನಡುವೆಯೇ, ಅಂದರೆ ಸರಿಯಾಗಿ ಗೆರೆ ಎಳೆಯುವ ಜಾಗದಲ್ಲೇ.

ಈಗ ಆ ಲೆಕ್ಕ. ಒಂದೇ ಟೆಸ್ಟನ್ನು ಎರಡು ಸಲ ತೆಗೆದುಕೊಂಡಾಗ ಎರಡು ಅಂಕಗಳ ನಡುವಿನ ಸಂಬಂಧ r ಇದ್ದರೆ, ಇಲ್ಲಿ 0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ತಾಳೆ, ಎರಡೂ ಸಲ ಗೆರೆಯ ಒಂದೇ ಬದಿಗೆ ಬೀಳುವ ಸಾಧ್ಯತೆ ಹೀಗೆ ಬರುತ್ತದೆ:

```
1/2 + arcsin(r)/π
```

arcsin ಅನ್ನು ರೇಡಿಯನ್‌ನಲ್ಲಿ ಹಿಡಿದು r 0.85 ಅಂತ ಹಾಕಿದರೆ 0.823 ಬರುತ್ತದೆ. ಅಂದರೆ ಒಂದು ಅಕ್ಷರದ ಮಟ್ಟಿಗೆ ನೂರರಲ್ಲಿ 82 ಜನರಿಗೆ ಎರಡೂ ಸಲ ಅದೇ ಅಕ್ಷರ. ಪರವಾಗಿಲ್ಲ, ಅಲ್ವಾ? ಆದರೆ ನಿಮ್ಮ ಟೈಪ್‌ನಲ್ಲಿ ಅಕ್ಷರ ನಾಲ್ಕು. ನಾಲ್ಕೂ ಉಳಿಯಬೇಕೆಂದರೆ 0.823ನ್ನು ನಾಲ್ಕು ಸಲ ಗುಣಿಸಬೇಕು, ಆಗ ಬರುವುದು 0.46ರ ಹತ್ತಿರ. ನೂರರಲ್ಲಿ 54 ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ. ನಾಲ್ಕು ಅಳತೆಗಳೂ ಒಂದಕ್ಕೊಂದು ಸಂಬಂಧವಿಲ್ಲದವು, ಗೆರೆ ಸರಿಯಾಗಿ ನಡುವೆಯೇ ಇದೆ ಅಂತ ಹಿಡಿದು ಹಾಕಿದ ಲೆಕ್ಕ ಇದು. ನಿಜದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಆದರೆ ಕಾಗದದ ಮೇಲಿನ ಲೆಕ್ಕ ಮಾತ್ರ ಅಂತ ತಳ್ಳಿಹಾಕುವ ಹಾಗಿಲ್ಲ: ಐದು ವಾರ ಬಿಟ್ಟು ಮತ್ತೆ ಟೆಸ್ಟ್ ತೆಗೆದುಕೊಂಡರೂ ಅರ್ಧದಷ್ಟು ಜನರವರೆಗೆ ಟೈಪ್ ಬದಲಾಗಬಹುದು ಅಂತ ಮನೋವಿಜ್ಞಾನಿ ಡೇವಿಡ್ ಪಿಟೆಂಗರ್ 1993ರಲ್ಲೇ ಬರೆದಿದ್ದರು. ಗಮನಿಸಿ, ಕೆಟ್ಟದಾಗಿ ಅಳೆದದ್ದರಿಂದ ಆದ ಎಡವಟ್ಟಲ್ಲ ಇದು. ಅಳತೆ ಚೆನ್ನಾಗಿಯೇ ಇತ್ತು, ಕತ್ತರಿಸಿದ್ದರಿಂದ ಹಾಳಾಯಿತು.

ಹಾಗಂತ ನಿಮ್ಮ ಫ್ರೆಂಡ್ ಹೇಳಿದ ಹಾಗೆ ಇದು ಜಾತಕವೂ ಅಲ್ಲ. ಜಾತಕ ನಿಮ್ಮನ್ನು ಏನೂ ಕೇಳುವುದಿಲ್ಲ, ಎಂಬಿಟಿಐ ಕೇಳುತ್ತದೆ. ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಇದನ್ನು ಕಟ್ಟಿದ್ದು ಕಾರ್ಲ್ ಯೂಂಗ್‌ನ ವಿಚಾರಗಳ ಮೇಲೆ, ಅಂಕಿ-ಅಂಶಗಳಿಂದ ಹುಟ್ಟಿದ್ದಲ್ಲ ಅನ್ನುವುದು ನಿಜ. ಆದರೆ 1989ರಲ್ಲಿ ಬಿಗ್ ಫೈವ್ ಕಡೆಯವರೇ ಆದ ಮೆಕ್ರೇ ಮತ್ತು ಕೋಸ್ಟಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಾಲ್ಕು ಅಳತೆಗಳೂ ಬಿಗ್ ಫೈವ್‌ನ ನಾಲ್ಕು ಗುಣಗಳ ಜೊತೆ ಚೆನ್ನಾಗಿಯೇ ತಾಳೆಯಾದವು. J-P ತಾಳೆಯಾಗಿದ್ದು ಅಚ್ಚುಕಟ್ಟುತನದ ಜೊತೆ. ಹಾಗಾಗಿ ನಿಮ್ಮ ಎರಡೂ ರಿಸಲ್ಟ್‌ನಲ್ಲಿ ಉಳಿದುಕೊಂಡ I, N, F ಅಕ್ಷರಗಳಲ್ಲಿ ಸ್ವಲ್ಪ ಸತ್ಯ ಇದ್ದೇ ಇರಬಹುದು. ಅಕ್ಷರದ ಪಕ್ಕದಲ್ಲಿ ಶೇಕಡಾವಾರು ಅಂಕ ಕೊಟ್ಟಿದ್ದರೆ ಅದನ್ನು ನೋಡಿ. 50ರಿಂದ ದೂರ ಇದ್ದರೆ ಆ ಅಕ್ಷರವನ್ನು ಲೆಕ್ಕಕ್ಕೆ ತಗೊಳ್ಳಿ, 53-47 ಅಂತಿದ್ದರೆ ಮರೆತುಬಿಡಿ.

ತಾಳೆಯಾಗದೆ ಉಳಿದ ಐದನೆಯ ಗುಣ ಯಾವುದು ಗೊತ್ತಾ? ಚಿಂತೆ, ಆತಂಕ, ಬೇಗ ಮನಸ್ಸು ಕೆಡಿಸಿಕೊಳ್ಳುವುದು. ಎಂಬಿಟಿಐನ ನಾಲ್ಕಕ್ಷರದಲ್ಲಿ ಇದಕ್ಕೆ ಜಾಗವೇ ಇಲ್ಲ. ಹದಿನಾರು ಟೈಪ್‌ಗಳಲ್ಲಿ ಯಾವುದೂ ಕೆಟ್ಟದ್ದಲ್ಲ ಅನ್ನುವುದು ಅದರ ತತ್ವ, ಆದ್ದರಿಂದ ಯಾರಿಗೂ ಇಷ್ಟವಾಗದ ಮಾತು ಅಲ್ಲಿ ಬರುವುದಿಲ್ಲ. ರಿಪೋರ್ಟ್ ಓದಿ ‘ಅಯ್ಯೋ, ಥೇಟ್ ನಾನೇ’ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಬರ್ಟ್ರಮ್ ಫೋರರ್ ಅನ್ನುವ ಮನೋವಿಜ್ಞಾನಿ ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ವರ್ಣನೆಯನ್ನು ‘ಇದು ನಿಮ್ಮದೇ ರಿಪೋರ್ಟ್’ ಅಂತ ಹೇಳಿ ಕೊಟ್ಟಿದ್ದರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಕೊಡಿ ಅಂದಾಗ ಬಂದ ಸರಾಸರಿ 4.26. 1949ರಲ್ಲಿ ಪ್ರಕಟವಾದ ಪ್ರಯೋಗ ಇದು. ಹಾಗಾಗಿ ಓದುವಾಗ ಸರಿ ಅನ್ನಿಸಿತು ಅನ್ನುವುದು ಯಾವ ಟೆಸ್ಟಿಗೂ ಸಾಕ್ಷಿಯಲ್ಲ, ಬಿಗ್ ಫೈವ್‌ಗೂ ಅಲ್ಲ.

ಬಿಗ್ ಫೈವ್ ಅನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಅದೂ ನೀವು ನಿಮ್ಮ ಬಗ್ಗೆ ಹೇಳಿಕೊಂಡದ್ದೇ ತಾನೇ. ಕೆಲಸ ಸಿಗಬೇಕು ಅಂತ ಬರೆಯುವವರು ‘ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೇನೆ’ ಅನ್ನುವುದಕ್ಕೆ ಹೌದು ಅಂತ ಹಾಕುತ್ತಾರಾ? ಇನ್ನು ಅಂಕ ಯಾವಾಗಲೂ ಒಂದು ಗುಂಪಿನ ಜೊತೆ ಹೋಲಿಸಿದ್ದು. ಆ ಗುಂಪು ಇಂಗ್ಲಿಷ್‌ನಲ್ಲಿ ಆನ್‌ಲೈನ್ ಟೆಸ್ಟ್ ಮಾಡಿದ ಅಮೆರಿಕದ ಕಾಲೇಜು ಹುಡುಗರದ್ದಾದರೆ, ಹುಬ್ಬಳ್ಳಿಯ ನಲವತ್ತು ವರ್ಷದವರಿಗೆ ‘ನೀವು 70ನೇ ಪರ್ಸೆಂಟೈಲ್’ ಅಂದರೆ ಏನರ್ಥ? ಈ ಐದು ಗುಣಗಳು ಎಲ್ಲ ಸಮಾಜಗಳಲ್ಲೂ ಇದೇ ರೀತಿ ಬೇರ್ಪಟ್ಟು ಕಾಣುತ್ತವೆ ಅನ್ನೋ ಹಾಗೂ ಇಲ್ಲ. ಬೊಲಿವಿಯಾದ ತ್ಸಿಮಾನೆ ಜನರಲ್ಲಿ ಹುಡುಕಿದಾಗ ಆ ಐದು ಸಿಗಲಿಲ್ಲ ಅಂತ 2013ರ ಒಂದು ಅಧ್ಯಯನ ಹೇಳಿದೆ.

ಇನ್ನು ನಿಮ್ಮ ಮ್ಯಾನೇಜರ್ ಮಾತು. ಐದು ಗುಣಗಳಲ್ಲಿ ಕೆಲಸದ ಗುಣಮಟ್ಟದ ಜೊತೆ ಹೆಚ್ಚು ಬಗೆಯ ಉದ್ಯೋಗಗಳಲ್ಲಿ ತಾಳೆಯಾಗುವುದು ಅಚ್ಚುಕಟ್ಟುತನವೇ. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಅನ್ನುವ ಸಂಶೋಧಕರು ಎಷ್ಟೋ ಅಧ್ಯಯನಗಳನ್ನು ಒಟ್ಟುಹಾಕಿ ತೋರಿಸಿದ್ದು ಇದನ್ನೇ. ಆ ಸಂಬಂಧ ಎಷ್ಟು ಗಟ್ಟಿ? ಸುಮಾರು 0.2. ಮೇಲಿನ ಸೂತ್ರಕ್ಕೇ ಹಾಕಿ ನೋಡಿ, 0.56 ಬರುತ್ತದೆ. ಅಂದರೆ ಅಚ್ಚುಕಟ್ಟುತನದ ಅಂಕದಲ್ಲಿ ಮೇಲಿನ ಅರ್ಧದವರಲ್ಲಿ ನೂರಕ್ಕೆ 56 ಜನ ಸರಾಸರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ, ಕೆಳಗಿನ ಅರ್ಧದಲ್ಲಿ 44 ಜನ. ಸಾವಿರಾರು ಅರ್ಜಿ ನೋಡುವ ಕಂಪನಿಗೆ ಇದು ಸ್ವಲ್ಪ ಉಪಯೋಗಕ್ಕೆ ಬರಬಹುದು. ಒಬ್ಬ ಮನುಷ್ಯನ ಬಗ್ಗೆ ‘ಸರಿಹೋಗಲ್ಲ’ ಅನ್ನಲು ಏನೇನೂ ಸಾಲದು. ಪೂರ್ತಿ ಅಂಕ ಇಟ್ಟುಕೊಂಡ ಟೆಸ್ಟಿನ ಕತೆಯೇ ಇದು. ಮ್ಯಾನೇಜರ್ ಕೈಯಲ್ಲಿರುವುದು ಕತ್ತರಿಸಿ ಉಳಿದ ಒಂದಕ್ಷರ, ಅದೂ ಎರಡು ತಿಂಗಳ ಹಿಂದೆ ಇನ್ನೊಂದು ಅಕ್ಷರವಾಗಿತ್ತು.

ನಿಮಗೇ ಕುತೂಹಲ ಇದ್ದರೆ ಐಪಿಐಪಿಯ 120 ಪ್ರಶ್ನೆಗಳ ಆವೃತ್ತಿ ಮಾಡಿ ನೋಡಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಒಂದೊಂದು ಗುಣವನ್ನೂ ಆರು ಪಾಲು ಮಾಡಿ ತೋರಿಸುತ್ತಾರೆ. ಒಂದೊಂದು ಪಾಲಿಗೆ ನಾಲ್ಕೇ ಪ್ರಶ್ನೆ, ಹಾಗಾಗಿ ಸಣ್ಣಪುಟ್ಟ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ, ದೊಡ್ಡದನ್ನಷ್ಟೇ ನೋಡಿ. ಅಚ್ಚುಕಟ್ಟುತನದ ಅಂಕ ಮಧ್ಯದಲ್ಲಿದ್ದರೂ ಒಳಗೆ ‘ವಸ್ತುಗಳನ್ನು ಓರಣವಾಗಿಡುವುದು’ ಪಾತಾಳದಲ್ಲಿ, ‘ಒಪ್ಪಿಕೊಂಡ ಕೆಲಸ ಮುಗಿಸುವುದು’ ತುಂಬಾ ಮೇಲೆ ಇರುವವರು ಎಷ್ಟೋ ಜನ ಇದ್ದಾರೆ. ಟೇಬಲ್ ಮೇಲೆ ಹಾಳೆ ರಾಶಿ, ಆದರೆ ಡೆಡ್‌ಲೈನ್ ತಪ್ಪಿಸಲ್ಲ, ಅಂಥವರು. J ಒಂದು ದಿನ, P ಒಂದು ದಿನ ಬರುವುದು ಇಂಥವರಿಗೇ ಹೆಚ್ಚು, ಯಾಕೆಂದರೆ ಯಾವ ಪ್ರಶ್ನೆ ಎಷ್ಟು ಸಲ ಕೇಳಿದರು ಅನ್ನುವುದರ ಮೇಲೆ ಗೆರೆಯ ಯಾವ ಕಡೆ ಅಂತ ತೀರ್ಮಾನ ಆಗುತ್ತದೆ. ಅದೇ ಹೇಳಿಕೆಗಳನ್ನು ನಿಮ್ಮ ಬಗ್ಗೆ ತುಂಬಲು ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರಿಗೂ ಕೊಡಿ, ಹೆಂಡತಿಯೋ ಗಂಡನೋ ಹಳೇ ಟೀಮಿನವರೋ. ಎರಡೂ ಎಲ್ಲಿ ಬೇರೆಯಾಗಿವೆ ಅನ್ನುವುದೇ ನಾಲ್ಕಕ್ಷರಕ್ಕಿಂತ ಜಾಸ್ತಿ ಹೇಳುತ್ತದೆ.

ಮ್ಯಾನೇಜರ್‌ಗೆ ಇಷ್ಟು ಹೇಳಿ ನೋಡಿ: ಎಂಬಿಟಿಐಯನ್ನು ಆಯ್ಕೆಗೆ ಬಳಸಬೇಡಿ ಅಂತ ಅದನ್ನು ಮಾರುವ ಕಂಪನಿಯೇ ಹೇಳುತ್ತದೆ. ಲೀಡ್ ಆಗಲು ಏನು ಬೇಕೋ, ಕೆಲಸ ಹಂಚುವುದೋ, ಗಡುವು ನೋಡಿಕೊಳ್ಳುವುದೋ, ಅದನ್ನು ಮುಂದಿನ ರಿಲೀಸ್‌ನಲ್ಲಿ ಒಂದು ಸಣ್ಣ ಭಾಗಕ್ಕೆ ನಿಮ್ಮ ಕೈಗೆ ಕೊಟ್ಟು ನೋಡಲಿ.