ಬಿಡುವುದು ಕಷ್ಟವಲ್ಲ, ಹೊರಗೆ ಬದುಕುವುದು ಕಷ್ಟ

"ಹರಿಯಾಣದ ಪಿಂಜೋರ್ ಸಾಕಣೆ ಕೇಂದ್ರದಲ್ಲಿ ರಣಹದ್ದು ಮರಿ ಮಾಡಿಸಿ ಇಷ್ಟು ವರ್ಷ ಆಯ್ತು. ಎಲ್ಲವನ್ನೂ ಯಾಕೆ ಹೊರಗೆ ಬಿಡ್ತಿಲ್ಲ?"

ಮೊದಲ ಕಾರಣ ಹಕ್ಕಿಯದೇ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮರಿ ಬೆಳೆದು ತಾನು ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಇದಕ್ಕೆ ಅಲ್ಲಿ ಒಂದು ಉಪಾಯ ಮಾಡಿದರು. ಮೊದಲ ಮೊಟ್ಟೆ ತೆಗೆದು ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಕೆಲವು ಜೋಡಿಗಳು ಕೆಲವೇ ವಾರಗಳಲ್ಲಿ ಇನ್ನೊಂದು ಇಡುತ್ತವೆ. ಸಾಕುವ ಕೆಲಸ ಗೆದ್ದಿದೆ ಅಂತಲೇ ನಾನು ಹೇಳುತ್ತೇನೆ.

ನಿಜವಾದ ತೊಡಕು ಬೇಲಿಯ ಆಚೆ ಇದೆ. ದನಗಳಿಗೆ ನೋವಿಗೆ ಕೊಡುವ ಡೈಕ್ಲೊಫಿನಾಕ್, ಆ ದನ ಸತ್ತಾಗ ಅದರ ಹೆಣ ತಿಂದ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ. ಸತ್ತ ಹಕ್ಕಿ ಕೊಯ್ದು ನೋಡಿದರೆ ಯಕೃತ್ತು, ಹೃದಯದ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿ ಯೂರಿಕ್ ಆಮ್ಲ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದು ಇದ್ದರೂ ಇಡೀ ಸಂತತಿ ಕುಸಿಯಲು ಅಷ್ಟೇ ಸಾಕು. ಯಾಕಂದ್ರೆ ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಮುತ್ತುತ್ತವೆ. ಕೇಂದ್ರದೊಳಗೆ ಮೇಕೆಯನ್ನು ಕೆಲವು ದಿನ ಇಟ್ಟುಕೊಂಡು, ಮದ್ದು ಮೈಯಿಂದ ಹೋದ ಮೇಲೆಯೇ ಕೊಯ್ದು ಹಾಕುತ್ತಾರೆ. ಹೊರಗೆ ಆ ಕಾವಲು ಯಾರು ಕಾಯ್ತಾರೆ?

2006ರಲ್ಲಿ ದನಗಳಿಗೆ ಇದನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆ ಬರುವ ದೊಡ್ಡ ಬಾಟಲಿಯೇ ಕೊಟ್ಟಿಗೆಗೆ ಬರುತ್ತಿತ್ತು. 2015ರಲ್ಲಿ ಅದನ್ನು 3 ಮಿಲಿಗೆ ಇಳಿಸಿದರು. ಹಕ್ಕಿಗೆ ಅಪಾಯವಾದ ಇನ್ನೆರಡು ನೋವಿನ ಮದ್ದು, ಅಸೆಕ್ಲೊಫಿನಾಕ್ ಮತ್ತು ಕೀಟೊಪ್ರೊಫೆನ್, ದನಗಳಿಗೆ ನಿಷೇಧವಾಗಲು 2023 ಬರಬೇಕಾಯಿತು. ಇವುಗಳ ಬದಲಿಗೆ ಕೊಡಬಹುದಾದ ಮೆಲೊಕ್ಸಿಕ್ಯಾಮ್ ಹಕ್ಕಿಗೆ ಸುರಕ್ಷಿತ, ಸಿಗುತ್ತದೆ ಕೂಡ.

ಅದಕ್ಕೇ 2020ರಲ್ಲಿ ಎಂಟೇ ಬಿಳಿಬೆನ್ನಿನ ಹಕ್ಕಿ ಬಿಟ್ಟು, ಬೆನ್ನಿಗೆ ಎಲ್ಲಿದೆ ಎಂದು ತೋರಿಸುವ ಟ್ಯಾಗ್ ಕಟ್ಟಿ ಕಾದರು. ಟ್ಯಾಗ್ ಒಂದೇ ಕಡೆ ನಿಂತರೆ ಹುಡುಕಿ ಹೋಗಿ ಸಾವಿನ ಕಾರಣ ಪರೀಕ್ಷಿಸಬೇಕು. ರಣಹದ್ದಿಗೆ ಹೆಸರಾದ ನಮ್ಮ ರಾಮನಗರದ ಬೆಟ್ಟಕ್ಕೂ ಇದೇ ಮಾತು: ಸುತ್ತಲಿನ ಹಳ್ಳಿಗಳ ಔಷಧಿ ಅಂಗಡಿ ಮೊದಲು ನೋಡಿ, ಹಕ್ಕಿ ಬಿಡುವುದು ಆಮೇಲೆ.