ನೈಫ್ ಮೊದಲು ಕೈಗೆ ಬಂದರೂ ಮೋಸ ಆಗಬಹುದಾ?

ಪ್ರಶ್ನೆ: ಕೌಂಟರ್-ಸ್ಟ್ರೈಕ್ 2 ಆಟದ ಒಂದು ನೈಫ್ ಸ್ಕಿನ್, ಅಂದರೆ ಆಟದೊಳಗಿನ ಅಲಂಕಾರದ ಚೂರಿ, ತಗೊಳ್ಳಬೇಕು ಅಂತಿದ್ದೇನೆ. ಡಿಸ್ಕಾರ್ಡ್‌ನಲ್ಲಿ ಪರಿಚಯ ಆದವನೊಬ್ಬ 18,000 ರೂಪಾಯಿಗೆ ಕೊಡ್ತೇನೆ ಅಂತಾನೆ. ಉಡುಪಿ ಕಡೆಯವನಂತೆ, ತುಳುವಿನಲ್ಲೇ ಮಾತಾಡ್ತಾನೆ. "ಮೊದಲು ನೈಫ್ ನಿಮ್ಮ ಇನ್ವೆಂಟರಿಗೆ ಬರಲಿ, ನೋಡಿ, ಆಮೇಲೆ ಯುಪಿಐ ಮಾಡಿ" ಅನ್ನುತ್ತಾನೆ. ಇದರಲ್ಲಿ ನನಗೇನು ರಿಸ್ಕ್? ನನ್ನ ರೂಮ್‌ಮೇಟ್ ಒಂದು ಹಳೇ ಸ್ಟೀಮ್ ಅಕೌಂಟನ್ನೇ ಕೊಳ್ಳುವ ಯೋಚನೆಯಲ್ಲಿದ್ದಾನೆ. ಅದು ಸರಿಯಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ರಿಸ್ಕ್ ಇದೆ, ಅದೂ ಪೂರ್ತಿ ನಿಮ್ಮ ತಲೆ ಮೇಲೆಯೇ. ಎರಡು ವರ್ಷದ ಹಿಂದೆ ಕೇಳಿದ್ದರೆ "ವಸ್ತು ಮೊದಲು ಬರುತ್ತದಲ್ವಾ, ಪರವಾಗಿಲ್ಲ" ಅನ್ನುತ್ತಿದ್ದೆನೋ ಏನೋ. 2025ರ ಜುಲೈಯಲ್ಲಿ, ಈ ಆಟವನ್ನೂ ಸ್ಟೀಮನ್ನೂ ನಡೆಸುವ ವಾಲ್ವ್ ಕಂಪನಿ ಒಂದು ನಿಯಮ ತಂದಿತು. ಆ ಮೇಲೆ ಈ ಲೆಕ್ಕ ತಿರುಗಿಬಿಟ್ಟಿದೆ.

ಆ ನಿಯಮದ ಹೆಸರು ಟ್ರೇಡ್ ಪ್ರೊಟೆಕ್ಷನ್. ಟ್ರೇಡ್‌ನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರ ಐಟಂ ಏಳು ದಿನ ಸುರಕ್ಷತೆಯಲ್ಲಿರುತ್ತದೆ. ಅಷ್ಟು ದಿನ ನೀವು ಅದನ್ನು ಆಟದಲ್ಲಿ ಹಿಡಿದು ಓಡಾಡಬಹುದು, ಆದರೆ ಬೇರೆಯವರಿಗೆ ಕೊಡಲಿಕ್ಕೆ ಆಗುವುದಿಲ್ಲ. ಕೊಟ್ಟವನಿಗೆ ಮಾತ್ರ ಆ ಏಳು ದಿನದೊಳಗೆ ಒಂದು ಹಕ್ಕಿದೆ. ತನ್ನ ಟ್ರೇಡ್ ಹಿಸ್ಟರಿಗೆ ಹೋಗಿ, ಏಳು ದಿನದಲ್ಲಿ ಮಾಡಿದ ಟ್ರೇಡ್‌ಗಳನ್ನೆಲ್ಲ ಒಟ್ಟಿಗೆ ರದ್ದು ಮಾಡಬಹುದು. ಐಟಂ ನಿಮ್ಮ ಇನ್ವೆಂಟರಿಯಿಂದ ಎದ್ದು ಅವನ ಹತ್ತಿರ ವಾಪಸ್ ಹೋಗುತ್ತದೆ. ನಿಮ್ಮ ಒಪ್ಪಿಗೆ ಕೇಳುವುದಿಲ್ಲ.

ಉದ್ದೇಶ ಒಳ್ಳೆಯದೇ. ಯಾರದೋ ಅಕೌಂಟ್ ಹ್ಯಾಕ್ ಆಗಿ ಸ್ಕಿನ್ ಎಲ್ಲ ಖಾಲಿಯಾದರೆ ಅವರಿಗೆ ಅದು ಸಿಗಬೇಕು, ಅದಕ್ಕಾಗಿ ಮಾಡಿದ್ದು. ಐಟಂಗೆ ಐಟಂ ಬದಲಿ ಆಗಿದ್ದರೆ ಅನ್ಯಾಯವೂ ಇಲ್ಲ: ನೀವು ಕೊಟ್ಟದ್ದು ನಿಮಗೆ, ಅವನದು ಅವನಿಗೆ. ಆದರೆ ನಿಮ್ಮ ವ್ಯವಹಾರದಲ್ಲಿ ಅರ್ಧ ಮಾತ್ರ ಸ್ಟೀಮ್ ಒಳಗೆ ನಡೆಯುತ್ತದೆ. ನೀವು ಕೊಡುವ 18,000 ರೂಪಾಯಿ ಸ್ಟೀಮ್‌ಗೆ ಕಾಣುವುದೇ ಇಲ್ಲ. ಅದರ ಕಣ್ಣಿಗೆ ಇದು ಒಬ್ಬ ಇನ್ನೊಬ್ಬನಿಗೆ ಸುಮ್ನೆ ಕೊಟ್ಟ ನೈಫ್, ಅಷ್ಟೇ.

ಈಗ ನಿಮ್ಮದೇ ವ್ಯವಹಾರ ಮುಂದುವರಿಸಿ ನೋಡೋಣ. ಸೋಮವಾರ ರಾತ್ರಿ ನೈಫ್ ಬರುತ್ತದೆ. ನೀವು ನೋಡಿ, ಖುಷಿಯಾಗಿ ಹಣ ಕಳಿಸುತ್ತೀರಿ. ಮಂಗಳವಾರ, ಬುಧವಾರ ಆಡುತ್ತೀರಿ. ಶನಿವಾರ ಅವನು ರದ್ದು ಮಾಡುತ್ತಾನೆ. ನೈಫ್ ಇಲ್ಲ, ಡಿಸ್ಕಾರ್ಡ್‌ನಲ್ಲಿ ನಿಮ್ಮನ್ನು ಬ್ಲಾಕ್ ಮಾಡಿ ಆಗಿದೆ. ರದ್ದು ಮಾಡಿದ್ದಕ್ಕೆ ಅವನ ಅಕೌಂಟ್‌ಗೆ 30 ದಿನ ಟ್ರೇಡ್ ಮತ್ತು ಮಾರ್ಕೆಟ್ ಬಂದ್ ಆಗುತ್ತದೆ. 18,000 ಜೇಬಿಗೆ ಬಿದ್ದವನಿಗೆ ಒಂದು ತಿಂಗಳು ಕಾಯುವುದು ಏನು ಮಹಾ? ಆಮೇಲೆ ಅದೇ ನೈಫ್ ಇನ್ನೊಬ್ಬರಿಗೆ.

"ಮಣಿಪಾಲಕ್ಕೆ ಬಾ, ಎದುರೆದುರೇ ಕೂತು ಮಾಡುವ" ಎಂದು ಅವನು ಕರೆಯಬಹುದು. ಅದರಿಂದಲೂ ಏನೂ ಬದಲಾಗುವುದಿಲ್ಲ. ವಾಪಸ್ ಹೋಗುವ ಬಸ್ಸಿನಲ್ಲೇ ಕೂತು ಮೊಬೈಲ್‌ನಲ್ಲಿ ರದ್ದು ಮಾಡಬಹುದು. ತುಳು ಮಾತಾಡ್ತಾನೆ ಅನ್ನುವುದೂ ಒಂದು ಗ್ಯಾರಂಟಿ ಅಲ್ಲ, ನಮ್ಮ ಕಡೆ ಅದಕ್ಕೆ ಸ್ವಲ್ಪ ಜಾಸ್ತಿಯೇ ಕರಗುತ್ತೇವೆ.

ಹಾಗಾದರೆ ಕಳ್ಳನನ್ನು ಗುರುತಿಸುವುದು ಹೇಗೆ? ಬೆಲೆ ಕಡಿಮೆ ಅನ್ನುವುದೊಂದೇ ಲಕ್ಷಣ ಅಲ್ಲ. ಸ್ಟೀಮ್ ಮಾರ್ಕೆಟ್‌ನಲ್ಲಿ ಮಾರಿದರೆ ಹಣ ಸ್ಟೀಮ್ ವಾಲೆಟ್‌ಗೇ ಬರುತ್ತದೆ, ಅದನ್ನು ಬ್ಯಾಂಕಿಗೆ ತೆಗೆಯಲು ಬರುವುದಿಲ್ಲ, ಹಾಗಾಗಿ ನಗದಿಗೆ ಮಾರುವ ಪ್ರಾಮಾಣಿಕರೂ ಮಾರ್ಕೆಟ್ ಬೆಲೆಗಿಂತ ಕಡಿಮೆಗೇ ಕೊಡುತ್ತಾರೆ. ಪ್ರೊಫೈಲ್ ಕೆಳಗಿನ ಹೊಗಳಿಕೆಯ ಕಮೆಂಟ್‌ಗಳಿಗೂ ಬೆಲೆ ಇಲ್ಲ, ಅವನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ನಾನು ನೋಡುವುದು ಒಂದೇ ವಿಷಯ. "ಪ್ರೊಟೆಕ್ಷನ್ ಮುಗಿದ ದಿನ ಹಣ ಕೊಡ್ತೇನೆ" ಎಂದು ಹೇಳಿ ನೋಡಿ. ಪ್ರಾಮಾಣಿಕ ಮಾರಾಟಗಾರ "ಮುಗಿದ ಮೇಲೆ ನೀವು ಕೊಡದಿದ್ದರೆ ನನ್ನ ಗತಿ ಏನು?" ಎಂದು ಕೇಳುತ್ತಾನೆ. ಅದು ನ್ಯಾಯವಾದ ಪ್ರಶ್ನೆ. ಮೋಸಗಾರನಿಗೆ ಆ ನಿಯಮವೇ ಗೊತ್ತಿಲ್ಲದ ಹಾಗೆ ನಟನೆ, ಅಥವಾ "ಇವತ್ತೇ ಅರ್ಜೆಂಟ್, ಮನೇಲಿ ಆಸ್ಪತ್ರೆ ಖರ್ಚು" ಅನ್ನುವ ಕಥೆ.

ಆ ನ್ಯಾಯವಾದ ಪ್ರಶ್ನೆಗೆ ಉತ್ತರ, ನಡುವೆ ಹಣ ಹಿಡಿದಿಟ್ಟುಕೊಳ್ಳುವವರು. ಏಳು ದಿನ ಮುಗಿದ ಮೇಲೆಯೇ ಮಾರಿದವನಿಗೆ ಹಣ ಬಿಡುವ ಸ್ಕಿನ್ ಮಾರುಕಟ್ಟೆಗಳಿವೆ. ಅವುಗಳಿಗೆ ಕಮಿಷನ್ ಹೋಗುತ್ತದೆ, ಹೋಗಲಿ. ಡಿಸ್ಕಾರ್ಡ್ ಗುಂಪಿನ "ಮಿಡಲ್‌ಮ್ಯಾನ್" ಬೇರೆ ವಿಷಯ. ಟ್ರೇಡ್ ಆದ ತಕ್ಷಣ ಹಣ ದಾಟಿಸುವ ಮಿಡಲ್‌ಮ್ಯಾನ್ ಇದ್ದರೂ ಇಲ್ಲದಿದ್ದರೂ ಒಂದೇ, ಮತ್ತು ಅವನನ್ನು ಕರೆತಂದದ್ದು ಮಾರುವವನೇ ಆದರೆ ಇಬ್ಬರೂ ಒಬ್ಬನೇ ಆಗಿರಬಹುದು. ನಿಮಗೆ ನೈಫ್ ಆಡಲಿಕ್ಕೆ ಮಾತ್ರ ಬೇಕಿದ್ದರೆ ಸ್ಟೀಮ್ ಕಮ್ಯುನಿಟಿ ಮಾರ್ಕೆಟ್ಟೇ ಸಾಕು. ಒಟ್ಟು 15 ಶೇಕಡಾ ಶುಲ್ಕ ಸೇರಿ ದುಬಾರಿ ಅನಿಸುತ್ತದೆ, ಆದರೆ ಹಣ ಮತ್ತು ಐಟಂ ಎರಡೂ ಸ್ಟೀಮ್ ಒಳಗೇ ಓಡಾಡುತ್ತವೆ.

ದಿನ ಲೆಕ್ಕ ಹಾಕುವಾಗ ಒಂದು ಎಚ್ಚರ. ಪ್ರೊಟೆಕ್ಷನ್ ಯಾವಾಗ ಮುಗಿಯುತ್ತದೆ ಅಂತ ನೈಫ್ ಮೇಲೆ ಕ್ಲಿಕ್ ಮಾಡಿದರೆ ಕಾಣುತ್ತದೆ. ಆ ಸಮಯ ಜಿಎಂಟಿಯಲ್ಲಿರುತ್ತದೆ, ಐದೂವರೆ ಗಂಟೆ ಸೇರಿಸಿಕೊಳ್ಳಿ.

ಮುಂದೆ ನೀವೇ ಮಾರುವಾಗ ಇದೇ ಕಾಟ ಬ್ಯಾಂಕ್ ಕಡೆಯಿಂದ ಬರುತ್ತದೆ. ಕೊಳ್ಳುವವನ ಹೆಸರು ಒಂದು, ಯುಪಿಐಯಲ್ಲಿ ಹಣ ಬಂದ ಹೆಸರು ಇನ್ನೊಂದು ಆದರೆ ಟ್ರೇಡ್ ಒಪ್ಪಬೇಡಿ. ಅದು ಬೇರೆ ಯಾರಿಗೋ ಮೋಸ ಮಾಡಿದ ಹಣ ಆಗಿರಬಹುದು. ಹಣ ಕಳೆದುಕೊಂಡವರು ದೂರು ಕೊಟ್ಟರೆ ಹಣ ಹರಿದ ದಾರಿಯಲ್ಲಿರುವ ಖಾತೆಗಳನ್ನು ಬ್ಯಾಂಕ್ ತಡೆಹಿಡಿಯುತ್ತದೆ. ಫೀಸ್ ಕಟ್ಟುವ ವಾರದಲ್ಲಿ ಖಾತೆ ಫ್ರೀಜ್ ಆದರೆ ಸ್ಕಿನ್ ಮಾರಿದ ಲಾಭ ಎಲ್ಲಿಗೂ ಸಾಲದು. ಹಣ ಬಂದಿದೆಯಾ ಅಂತ ಅವನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಅಲ್ಲ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ.

ರೂಮ್‌ಮೇಟ್‌ಗೆ ಬೇಡ ಅಂತಲೇ ಹೇಳಿ. ಸ್ಕಿನ್‌ಗೆ ಏಳು ದಿನವಾದರೂ ಒಂದು ಕೊನೆ ಇದೆ, ಅಕೌಂಟ್‌ಗೆ ಅದೂ ಇಲ್ಲ. ಇಮೇಲ್, ಫೋನ್ ನಂಬರ್, ಪಾಸ್‌ವರ್ಡ್ ಎಲ್ಲ ಬದಲಿಸಿದರೂ ಹಳೇ ಮಾಲೀಕನ ಹತ್ತಿರ ಮೊದಲು ಆಟ ಕೊಂಡ ಕಾರ್ಡ್‌ನ ವಿವರ, ಆಟ ಸೇರಿಸಲು ಹಾಕಿದ್ದ ಕೋಡ್ ಅಂದರೆ ಕೀ ಇರುತ್ತದೆ. ಅದನ್ನು ಸ್ಟೀಮ್ ಸಪೋರ್ಟ್‌ಗೆ ತೋರಿಸಿ "ಅಕೌಂಟ್ ಕಳುವಾಗಿದೆ" ಅಂದರೆ ಸಾಕು, ಅವನಿಗೆ ವಾಪಸ್ ಸಿಗಬಹುದು. ಅಕೌಂಟ್ ಮಾರಾಟವೇ ಸ್ಟೀಮ್ ನಿಯಮಕ್ಕೆ ವಿರುದ್ಧ, ಹಾಗಾಗಿ ಕೊಂಡವನ ಮಾತು ಯಾರೂ ಕೇಳುವುದಿಲ್ಲ. ಅಗ್ಗದ ಕೀಗಳೂ ಅಷ್ಟೇ. ಕದ್ದ ಕಾರ್ಡ್‌ನಿಂದ ಕೊಂಡ ಕೀ ಆಗಿದ್ದರೆ, ತಿಂಗಳುಗಳ ನಂತರವೂ ಪ್ರಕಾಶಕರು ಅದನ್ನು ರದ್ದು ಮಾಡಿ ಆಟ ನಿಮ್ಮ ಲೈಬ್ರರಿಯಿಂದ ಹೋಗಬಹುದು.

ಈ ಪತ್ರ ಬರೆದ ಮೇಲೆ ಹಣ ಕೊಟ್ಟಾಗಿದೆ, ನೈಫ್ ಮಾಯವಾಗಿದೆ ಅಂತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ಅವನ ಖಾತೆಯಲ್ಲಿರುವ ಹಣ ತಡೆಯುವ ಅವಕಾಶ ಜಾಸ್ತಿ. ಶನಿವಾರ ನೈಫ್ ಹೋಗುವ ಹೊತ್ತಿಗೆ ಸೋಮವಾರದ ಹಣ ಖಾತೆಯಲ್ಲಿ ಉಳಿದಿರುವುದು ಕಷ್ಟ, ಆದರೂ ದೂರು ಕೊಡಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಹೋಗುವಾಗ ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರ್, ಚಾಟ್, ಟ್ರೇಡ್ ಹಿಸ್ಟರಿಯ ಚಿತ್ರ ಇಟ್ಟುಕೊಳ್ಳಿ. ಅವನ ಸ್ಟೀಮ್ ಹೆಸರು ಬರೆದುಕೊಂಡರೆ ಸಾಲದು, ಅದನ್ನು ಒಂದು ನಿಮಿಷದಲ್ಲಿ ಬದಲಿಸಬಹುದು. ಬದಲಾಗದ್ದು 17 ಅಂಕಿಯ ಸ್ಟೀಮ್ ಐಡಿ, ಅದನ್ನೇ ದೂರಿನಲ್ಲಿ ಬರೆಯಿರಿ.