ವಾಪಸ್ ಹೋಗದ ಏಳು ಡಬ್ಬಿಗಳು

ಶಾರದಾ ನನ್ನ ಬಳಿ ಬಂದಿದ್ದು ಮಗನ ವಿಷಯ ಮಾತಾಡಲು. ಹೆಸರು, ಕೆಲಸ, ಊರು ಎಲ್ಲ ಬದಲಿಸಿದ್ದೇನೆ. ಮಲೆನಾಡಿನ ಅಂಚಿನ ಒಂದು ಊರು ಅಂದುಕೊಳ್ಳಿ, ಸಾಕು. ಹುಡುಗ ಎಸ್ಸೆಸ್ಸೆಲ್ಸಿ. ರಾತ್ರಿ ಊಟ ಬಿಟ್ಟು ಬನ್ನು ತಿಂದು ಮಲಗುತ್ತಾನೆ, ನೀವು ಸ್ವಲ್ಪ ಬುದ್ಧಿ ಹೇಳಿ ಮೇಡಂ ಎಂದರು.

ಮನೆಯಲ್ಲಿ ನಾಲ್ಕು ಜನ. ಶಾರದಾ, ಮಗ, ಆರನೇ ಕ್ಲಾಸಿನ ಮಗಳು, 76 ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ. ಶಾರದಾ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಐದು ವಾರದ ಹಿಂದೆ ಗಂಡ ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 49.

"ರಾತ್ರಿ ಅಡುಗೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಮಾಡಲ್ಲ ಮೇಡಂ. ಬೆಳಿಗ್ಗೆ ಹೇಗೋ ಆಗುತ್ತೆ. ಸಂಜೆ ಒಲೆ ಮುಂದೆ ನಿಂತ್ರೆ ಕಿವಿ ಗೇಟಿನ ಕಡೆಗೇ ಇರುತ್ತೆ. ಅವರು ಏಳಕ್ಕೆ ಬರೋರು."

ಅಲ್ಲಿಗೆ ಮಗನ ವಿಷಯ ಬದಿಗೆ ಸರಿಯಿತು. ಅಡುಗೆ ಅವರಿಗೆ ಕಷ್ಟವಾಗಿರಲಿಲ್ಲ. ಆರರಿಂದ ಎಂಟರವರೆಗಿನ ಆ ಎರಡು ಗಂಟೆ ಕಷ್ಟವಾಗಿತ್ತು. ಇದು ನನಗೆ ಮುಖ್ಯ ಅನ್ನಿಸಿತು. ಸಾವಾದ ಮನೆಯವರಿಗೆ "ಯಾವ ಕೆಲಸ ಕಷ್ಟ" ಎಂದು ಕೇಳಿದರೆ "ಎಲ್ಲವೂ" ಅನ್ನುತ್ತಾರೆ, ಇಲ್ಲ "ಏನೂ ಇಲ್ಲ" ಅನ್ನುತ್ತಾರೆ. "ಯಾವ ಹೊತ್ತು ಕಷ್ಟ" ಎಂದರೆ ಉತ್ತರ ಸಿಗುತ್ತದೆ. ಸಹಾಯ ಕೇಳಬೇಕಾದ್ದು ಆ ಹೊತ್ತಿಗೆ.

ಹನ್ನೊಂದನೇ ದಿನದ ತಿಥಿ ಮುಗಿಯುವವರೆಗೆ ಆ ಮನೆಗೆ ಊಟದ ಚಿಂತೆ ಇರಲಿಲ್ಲ. ತೀರಿಕೊಂಡ ದಿನ ಒಲೆ ಹಚ್ಚಲಿಲ್ಲ, ಅಕ್ಕಪಕ್ಕದವರೇ ತಂದುಕೊಟ್ಟರು. ಆಮೇಲೆ ನೆಂಟರು ಅಡುಗೆಮನೆ ಹಿಡಿದರು. ನಮ್ಮ ಕಡೆ ಅನೇಕ ಜಾತಿಗಳಲ್ಲಿ ಹೀಗೇ ನಡೆಯುತ್ತದೆ. ಮುಸ್ಲಿಂ ಮನೆಗಳಲ್ಲೂ ಮೊದಲ ಮೂರು ದಿನ ನೆರೆಯವರು ಊಟ ಕಳಿಸುವ ರೂಢಿ ಇದೆ. ಆ ದಿನಗಳಲ್ಲಿ ಯಾರೂ ಕೇಳಬೇಕಾಗಿಲ್ಲ, ರೂಢಿಯೇ ಕೇಳಿಕೊಡುತ್ತದೆ. ಹನ್ನೆರಡನೇ ದಿನ ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುತ್ತಾ "ಏನಾದ್ರೂ ಬೇಕಿದ್ರೆ ಹೇಳಮ್ಮ, ಸಂಕೋಚ ಮಾಡ್ಕೋಬೇಡ" ಅಂದು ಹೊರಡುತ್ತಾರೆ. ಮನಸಾರೆ ಹೇಳುತ್ತಾರೆ, ಅನುಮಾನ ಬೇಡ. ಆದರೆ ಏನು ಬೇಕು, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಎಂದು ಯೋಚಿಸುವ ಕೆಲಸವೆಲ್ಲ ಆಗ ಅಳುತ್ತಿರುವವರ ತಲೆಗೇ ಬೀಳುತ್ತದೆ.

ಎರಡನೇ ಸಲ ಬಂದಾಗ ಶಾರದಾ ಮಾತಿನ ನಡುವೆ ಒಂದು ವಿಷಯ ಹೇಳಿದರು. ಆಫೀಸಿಗೆ ಹೋಗುವಾಗ ಈಗ ಹಿಂದಿನ ರಸ್ತೆಯಿಂದ ಸುತ್ತಿ ಹೋಗುತ್ತಾರಂತೆ. ಯಾಕೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಡಬ್ಬಿ ಇದಾವೆ ಮೇಡಂ. ಏಳು."

ಆ ಹನ್ನೊಂದು ದಿನ ಬಂದ ಸ್ಟೀಲ್ ಡಬ್ಬಿಗಳು. ತೊಳೆದು, ಮಿಕ್ಸಿ ಪಕ್ಕದಲ್ಲಿ ಸಾಲಾಗಿ ಇಟ್ಟು, ಮೇಲೆ ಟವೆಲ್ ಮುಚ್ಚಿದ್ದರು. ಹೆಚ್ಚಿನವುಗಳ ಮುಚ್ಚಳದ ಮೇಲೆ ಒಬ್ಬೊಬ್ಬರ ಹೆಸರು ಕೊರೆಸಿದೆ. ಯಾರದೋ ಗೃಹಪ್ರವೇಶದ ತಾರೀಕೂ ಒಂದರ ಮೇಲಿದೆ. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅಲ್ವಾ, ಕನಿಷ್ಠ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಸೂತಕ ಇರುವಾಗ ಹಾಕುವ ಹಾಗಿಲ್ಲ. ಸೂತಕ ಕಳೆದ ಮೇಲೆ ಒಂದು ಉಂಡೆಯಾದರೂ ಮಾಡಿ ಹಾಕೋಣ ಎಂದುಕೊಂಡರು, ಕೈ ಓಡಲಿಲ್ಲ. ದಿನ ಕಳೆದಂತೆ ಸಕ್ಕರೆ ಹಾಕಿ ಕೊಡುವುದೂ ಕಡಿಮೆಯಾಯಿತು ಅನ್ನಿಸತೊಡಗಿತು. ಪಕ್ಕದ ಮನೆಯಾಕೆ ಎದುರಾದರೆ ಡಬ್ಬಿ ನೆನಪಾಗುತ್ತದೆ. ಅದಕ್ಕೆ ಹಿಂದಿನ ರಸ್ತೆ.

ಇನ್ನೊಬ್ಬರಿಗೆ ಹೊರೆ ಆಗ್ತೀನಿ ಅನ್ನುವ ಭಾವನೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಇವರ ವಿಷಯದಲ್ಲಿ ಅದು ಟವೆಲ್ ಕೆಳಗೇ ಕೂತಿತ್ತು. ಹಳೆಯದು ತೀರದೆ ಹೊಸದಾಗಿ ಕೇಳುವುದು ಹೇಗೆ? ಹಾಗಾಗಿ ನನ್ನ ಮೊದಲ ಸಲಹೆ ಕೇಳುವುದರ ಬಗ್ಗೆ ಇರಲಿಲ್ಲ. ಡಬ್ಬಿಗಳನ್ನು ಖಾಲಿಯೇ ವಾಪಸ್ ಮಾಡಿ ಎಂದೆ. ಒಪ್ಪಲಿಲ್ಲ. ನನ್ನ ಮಾತಿಗಿಂತ ತೂಕದ ಮಾತು ಬೇಕಿತ್ತು. ಅತ್ತೆಯನ್ನು ಕೇಳಿ ನೋಡಿ ಅಂದೆ. ಆ ಅಜ್ಜಿ ಒಂದೇ ಮಾತಲ್ಲಿ ಮುಗಿಸಿದರಂತೆ: "ಸಾವಿನ ಮನೆಯಿಂದ ಯಾರಾದ್ರೂ ಸಕ್ಕರೆ ಹಾಕಿ ಕಳಿಸ್ತಾರೇನೇ?" ಖಾಲಿ ಕೊಡಬಾರದು ಅನ್ನುವ ರೂಢಿಗೇ ಇರುವ ವಿನಾಯಿತಿ ಅದು. ಆ ಭಾನುವಾರ ಹುಬ್ಬಳ್ಳಿಯಿಂದ ನಾದಿನಿ ಬಂದಾಗ ಆರು ಡಬ್ಬಿ ಮನೆ ಸೇರಿದವು. ಏಳನೆಯದಕ್ಕೆ ಹೆಸರಿರಲಿಲ್ಲ.

ಎರಡನೇ ಸಲಹೆಯೂ ಡಬ್ಬಿಯದೇ. ಇನ್ನು ಮೇಲೆ ಅವರ ಪಾತ್ರೆ ನಿಮ್ಮ ಮನೆಗೆ ಬರುವುದು ಬೇಡ, ನಿಮ್ಮ ಕ್ಯಾರಿಯರ್ ಅವರ ಮನೆಗೆ ಹೋಗಲಿ ಎಂದೆ. ಎರಡು ಅಂತಸ್ತಿನ ಕ್ಯಾರಿಯರ್: ಕೆಳಗಿನದರಲ್ಲಿ ಸಾರೋ ಹುಳಿಯೋ, ಮೇಲಿನದರಲ್ಲಿ ಪಲ್ಯ. ಅನ್ನ ಬೇಡ, ಅದನ್ನು ಮಗ ಕುಕ್ಕರಿನಲ್ಲಿ ಇಡಬಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕೊಟ್ಟು ಹೋಗುವುದು, ಸಂಜೆ ಬರುವಾಗ ತೆಗೆದುಕೊಂಡು ಬರುವುದು. ವಾಪಸ್ ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ಕೊಡುವವರಿಗೂ ಅಳತೆ ಗೊತ್ತಾಗುತ್ತದೆ. ಸಾವಿನ ಮನೆಗೆ ಜನ ಜಾಸ್ತಿಯೇ ಕಳಿಸುತ್ತಾರೆ, ಮಿಕ್ಕಿದ್ದು ಹಳಸುತ್ತದೆ, ಚೆಲ್ಲುವಾಗ ಇನ್ನಷ್ಟು ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ನಾಲ್ಕು ಜನಕ್ಕೆ ಒಂದು ಹೊತ್ತಿನ ಸಾರು ಅಂದರೆ, ತನ್ನ ಮನೆಗೆ ಮಾಡುವವರಿಗೆ ಒಂದು ಹಿಡಿ ಬೇಳೆ ಜಾಸ್ತಿ, ಅಷ್ಟೇ.

ಕೇಳುವ ಮಾತನ್ನೂ ಕೂತು ಬರೆದೆವು. ಶಾರದಾ ಮೊದಲು ಬರೆದಿದ್ದು ಹೀಗಿತ್ತು: "ತೊಂದರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ, ನಿಮಗೆ ಆದಾಗ ಏನಾದರೂ..." ಇದನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಎಷ್ಟು ದಿನ ಎಂದೂ ತಿಳಿಯುವುದಿಲ್ಲ. ಹೂಂ ಅಂದರೆ ವರ್ಷವಿಡೀ ಆದೀತೇನೋ ಎಂದು ಒಳಗೊಳಗೇ ಅಳುಕುತ್ತಾರೆ. ಕಡೆಗೆ ಉಳಿದದ್ದು ಇದು:

"ಅಕ್ಕ, ಸಂಜೆ ಅಡುಗೆ ನನ್ನ ಕೈಲಿ ಇನ್ನೂ ಆಗ್ತಿಲ್ಲ. ನಾಲ್ಕು ವಾರ, ಸೋಮವಾರ ಮಾತ್ರ, ನಮ್ಮ ಕ್ಯಾರಿಯರಿಗೆ ಸಾರು ಪಲ್ಯ ಹಾಕಿ ಕೊಡ್ತೀರಾ? ಅತ್ತೆಗೆ ಸಕ್ಕರೆ ಕಾಯಿಲೆ, ಆಲೂಗಡ್ಡೆ ಬೇಡ. ಆಗಲ್ಲ ಅಂದ್ರೆ ಬೇರೆಯವರನ್ನ ಕೇಳ್ತೀನಿ, ನಿಜವಾಗ್ಲೂ ಪರವಾಗಿಲ್ಲ."

ವಾರ ಗೊತ್ತು, ಪದಾರ್ಥ ಗೊತ್ತು, ಮುಗಿಯುವ ದಿನ ಗೊತ್ತು, ಬೇಡ ಅನ್ನಲು ದಾರಿಯೂ ಇದೆ. ಆ ಕೊನೆಯ ಸಾಲನ್ನು ಶಾರದಾ ಎರಡು ಸಲ ಹೊಡೆದುಹಾಕಿದರು, ಸೊಕ್ಕಿನ ಮಾತಿನ ಹಾಗೆ ಕೇಳುತ್ತೆ ಎಂದು. ನಾನು ಬಿಡಲಿಲ್ಲ. ಇಲ್ಲ ಅನ್ನಲು ಆಗದವರನ್ನು ಕೇಳಿದಾಗಲೇ ನಾವು ಹೊರೆ ಆಗುವುದು.

ಆದರೂ ಅವರ ಬಾಯಿಂದ ಮಾತು ಹೊರಡಲಿಲ್ಲ. ಇದು ಸಹಜ. ಕೇಳುವವರು ದುಃಖದಲ್ಲಿರುವವರೇ ಆಗಬೇಕಿಲ್ಲ. ಹುಬ್ಬಳ್ಳಿಯ ನಾದಿನಿ ಅಣ್ಣನನ್ನು ಕಳೆದುಕೊಂಡು, ದೂರದಲ್ಲಿ ಕೂತು, ಏನೂ ಮಾಡಲಾಗುತ್ತಿಲ್ಲ ಎಂದು ಚಡಪಡಿಸುತ್ತಿದ್ದರು. ಫೋನು ಮಾಡುವ ಕೆಲಸ ಅವರಿಗೆ ಬಂತು. "ನಮ್ಮ ಅತ್ತಿಗೆ ತಾನಾಗಿ ಕೇಳೋದಿಲ್ಲ, ಅದಕ್ಕೆ ನಾನು ಕೇಳ್ತಿದ್ದೀನಿ" ಅಂದರೆ ಮುಗಿಯಿತು.

ಅವರು ಮೊದಲು ಮಾಡಿದ್ದು ವಾಟ್ಸಾಪ್ ಗುಂಪು. ಅದು ಕೆಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಜನ ಕೈಮುಗಿದ ಚಿತ್ರ ಹಾಕಿದರು. ಮಂಗಳವಾರ ಮೂರು ಮನೆಯಿಂದ ಹುಳಿ ಬಂತು, ಗುರುವಾರ ಯಾರೂ ಕಳಿಸಲಿಲ್ಲ. ಎಲ್ಲರನ್ನೂ ಕೇಳಿದರೆ ಯಾರನ್ನೂ ಕೇಳಿದ ಹಾಗಲ್ಲ. ಗುಂಪು ಬಿಟ್ಟು ಮೂರು ಮನೆಗೆ ಬೇರೆ ಬೇರೆ ಫೋನು ಹೋಯಿತು: ಸೋಮವಾರ ಒಬ್ಬರು, ಬುಧವಾರ ಒಬ್ಬರು, ಶುಕ್ರವಾರ ಒಬ್ಬರು. ಉಳಿದ ದಿನ ಮೊಸರನ್ನವೋ ಚಿತ್ರಾನ್ನವೋ ಮನೆಯಲ್ಲೇ. ವಾರಕ್ಕೆ ಮೂರೇ ದಿನ ಅಂದಿದ್ದಕ್ಕೆ ನಾದಿನಿಗೆ ಸಮಾಧಾನ ಇರಲಿಲ್ಲ. ಆದರೆ ಎಲ್ಲ ದಿನವೂ ಹೊರಗಿನಿಂದ ಬಂದರೆ ಆ ಅಡುಗೆಮನೆಗೆ ಶಾರದಾ ಮರಳುವುದು ಇನ್ನೂ ಕಷ್ಟವಾಗುತ್ತಿತ್ತು.

ಎರಡನೇ ವಾರ ಬುಧವಾರದವರು ಕ್ಯಾರಿಯರ್ ತಾವೇ ತಂದು, ಸೋಫಾದಲ್ಲಿ ಕೂತು, ಅವತ್ತು ಹೇಗಾಯ್ತು ಎಂದು ಮೊದಲಿಂದ ಹೇಳಿಸಿಕೊಂಡು ಅತ್ತರು. ಒಂದು ಗಂಟೆ. ಮಗಳು ಊಟ ಮಾಡದೆ ರೂಮಿನಲ್ಲೇ ಮಲಗಿದಳು. ಅವರದ್ದು ಕೆಟ್ಟ ಮನಸ್ಸಲ್ಲ. ನಾದಿನಿಯೇ ಮತ್ತೆ ಫೋನು ಮಾಡಿ, "ಅತ್ತಿಗೆಗೆ ಸಂಜೆ ಮಾತು ಬೇಡವಂತೆ, ಭಾನುವಾರ ಮಧ್ಯಾಹ್ನ ಬನ್ನಿ, ಅಮ್ಮನಿಗೂ ಜೊತೆ ಆಗುತ್ತೆ" ಅಂದರು. ಬೇಡ ಎನ್ನುವ ಬದಲು ಬೇರೆ ಹೊತ್ತು ಕೊಟ್ಟದ್ದು ಕೆಲಸ ಮಾಡಿತು.

ಮಕ್ಕಳನ್ನು ಕೇಳಲು ಕಳಿಸಬೇಡಿ ಎಂದು ನಾನು ಗಟ್ಟಿಯಾಗಿ ಹೇಳಿದ್ದೆ. ಅದಕ್ಕೆ ಮುಂಚೆ ಒಂದು ದಿನ ಮಗಳನ್ನು ಸಾರು ಕೇಳಿಕೊಂಡು ಬಾ ಎಂದು ಕಳಿಸಿದ್ದರಂತೆ. ಹುಡುಗಿ ಬೀದಿಯ ತುದಿವರೆಗೆ ಹೋಗಿ, ನಿಂತಿದ್ದು, ಅವರ ಮನೆ ಬೀಗ ಹಾಕಿದೆ ಎಂದು ಸುಳ್ಳು ಹೇಳಿ ಬಂದಿದ್ದಳು.

ಇನ್ನೊಂದು ತೊಡಕು ಜಾತಿಯದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಎಲ್ಲರ ಮನೆಯ ಅಡುಗೆ ಅತ್ತೆ ಮುಟ್ಟುವುದಿಲ್ಲ. ನನಗೆ ಇದು ಹಿಡಿಸುವುದಿಲ್ಲ. ಆದರೆ ಮಗನನ್ನು ಕಳೆದುಕೊಂಡ 76ರ ಹೆಂಗಸನ್ನು ಆ ತಿಂಗಳಲ್ಲಿ ತಿದ್ದಲು ನಾನು ಹೋಗಲಿಲ್ಲ. ಅವರು ಉಣ್ಣದ ಮನೆಗಳಿಂದ ಊಟದ ಬದಲು ಓಡಾಟದ ಸಹಾಯ ಕೇಳಿದೆವು. ಎದುರು ಮನೆಯ ಆಟೋದವರು ಅತ್ತೆಯನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ ಬಂದರು. ಮಕ್ಕಳು ಅವರ ಮನೆಯಲ್ಲೇ ಎಷ್ಟೋ ಸಲ ಉಂಡರು. ಅಜ್ಜಿ ನೋಡಿಯೂ ನೋಡದ ಹಾಗಿದ್ದರು.

ಓಡಾಟ ಕೇಳುವಾಗ ಕೆಲಸವನ್ನು ಎರಡು ಮಾಡಬೇಕು: ಸಹಿ ಹಾಕುವುದು, ಸಹಿ ಬೇಡದ್ದು. ಬ್ಯಾಂಕಿಗೆ, ಪಿಂಚಣಿ ಅರ್ಜಿಗೆ ಶಾರದಾ ತಾವೇ ಹೋಗಬೇಕು. ಆದರೆ ಜೆರಾಕ್ಸ್ ಮಾಡಿಸುವುದು, ಫಾರಂ ತರುವುದು, ಯಾವ ಕೌಂಟರ್ ಎಂದು ಮೊದಲೇ ವಿಚಾರಿಸಿ ಬರುವುದು ಇನ್ನೊಬ್ಬರ ಕೆಲಸ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ತಡದ ಶುಲ್ಕ, ಹೆಚ್ಚಿನ ಓಡಾಟ ಇಲ್ಲ. ಅದನ್ನು ಮೈದುನ ಮಾಡಿಸಿದ್ದರು, ಪ್ರಮಾಣಪತ್ರದ ಪ್ರತಿಗಳನ್ನೂ ಜಾಸ್ತಿಯೇ ತಂದಿದ್ದರು. ಸಹೋದ್ಯೋಗಿಯೊಬ್ಬರನ್ನು ಶಾರದಾ ತಾವೇ ಕೇಳಿದರು: "ಬುಧವಾರ ಹನ್ನೊಂದಕ್ಕೆ ಬ್ಯಾಂಕಿಗೆ ಜೊತೆಗೆ ಬರ್ತೀರಾ? ನೀವು ಏನೂ ಮಾಡೋದು ಬೇಡ, ಪಕ್ಕದಲ್ಲಿ ಕೂತಿರಿ ಸಾಕು." ಅದು ಅವರು ತಮ್ಮ ಬಾಯಿಂದ ಕೇಳಿದ ಮೊದಲನೆಯದು. ಎಟಿಎಂ ಪಿನ್, ಖಾಲಿ ಹಾಳೆಗೆ ಸಹಿ, ಮೂಲ ಪತ್ರಗಳು ಎಷ್ಟೇ ಹತ್ತಿರದವರ ಕೈಗೂ ಬೇಡ ಎಂದು ಮಾತ್ರ ಎಚ್ಚರಿಸಿದೆ.

ಊಟ ಬಂದರೂ ಶಾರದಾ ತಿನ್ನದೆ ಇದ್ದಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕಿ ಏನು ಎಂಬ ಮಾತು ಬಂದಿದ್ದರೆ ನಾನು ಡಬ್ಬಿ ಬಿಟ್ಟು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಫ್ರಿಜ್ ಮೇಲೆ ಅಂಟಿಸಲು ಹೇಳಿದ್ದೆ. ಅದು ಬೇಕಾಗಲಿಲ್ಲ.

ನಾಲ್ಕು ವಾರ ಮುಗಿದ ದಿನ ನಾದಿನಿ ಮೂವರಿಗೂ ಫೋನು ಮಾಡಿ, ಹೇಳಿದ ಹಾಗೆ ಇಲ್ಲಿಗೆ ಸಾಕು ಅಂದರು. ಶುಕ್ರವಾರದವರು ಬಿಡಲಿಲ್ಲ, ಇನ್ನೂ ಎರಡು ವಾರ ಕೊಟ್ಟರು. ಮಗ ಈಗ ತಾನೇ ಒಗ್ಗರಣೆ ಹಾಕುತ್ತಾನಂತೆ, ಸಾಸಿವೆ ಸೀಯಿಸುತ್ತಾನಂತೆ. ಹೆಸರಿಲ್ಲದ ಏಳನೇ ಡಬ್ಬಿಯನ್ನು ಬೀದಿಯಲ್ಲಿ ಎಲ್ಲರಿಗೂ ತೋರಿಸಿದರು, ಯಾರೂ ನಮ್ಮದು ಅನ್ನಲಿಲ್ಲ. ಅತ್ತೆ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಾರೆ.